ತಂದೆಯ ಹೆಸರು ಮತ್ತು ಪಾಲಕರ ಹೆಸರು: ಎರಡು ಅಂಕಣಗಳು, ಎರಡು ಪ್ರಶ್ನೆಗಳು

ಗ್ರಾಮ ಪಂಚಾಯತಿ ಸದಸ್ಯರಿಗಾಗಿ ಅಧ್ಯಯನ ಲೇಖನ

1. ಪೀಠಿಕೆ

ಜೂನ್ ತಿಂಗಳಲ್ಲಿ ಶಾಲೆಗಳು ಆರಂಭವಾಗುತ್ತಿದ್ದಂತೆ ಭಟ್ಕಳ ತಾಲೂಕಿನ ಹೆಬಳೆಯಂತಹ ಪಂಚಾಯತಿಗಳಲ್ಲಿ ಅರ್ಜಿಗಳ ಕಾಲ ಶುರುವಾಗುತ್ತದೆ. ಶಾಲಾ ದಾಖಲಾತಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ವಿದ್ಯಾರ್ಥಿವೇತನ, ಬ್ಯಾಂಕ್ ಖಾತೆ ಹೀಗೆ ಒಂದರ ಹಿಂದೆ ಒಂದು ಅರ್ಜಿಯನ್ನು ಭರ್ತಿ ಮಾಡಬೇಕಾಗುತ್ತದೆ. ಬಹುತೇಕ ಕುಟುಂಬಗಳಿಗೆ ಈ ಅರ್ಜಿಗಳ ಮೊದಲ ಮೂರು ಸಾಲುಗಳು ಯೋಚನೆಗೆ ಆಸ್ಪದವೇ ಇಲ್ಲದ ಸಾಲುಗಳು: ಅರ್ಜಿದಾರರ ಹೆಸರು, ತಂದೆಯ ಹೆಸರು, ತಾಯಿಯ ಹೆಸರು.

ಎಲ್ಲ ಮಕ್ಕಳ ಸ್ಥಿತಿ ಹೀಗಿರುವುದಿಲ್ಲ. ತಂದೆ ತೀರಿಕೊಂಡಿರಬಹುದು. ತಂದೆ ತಾಯಿ ಬೇರೆಯಾಗಿ ಮಗು ಒಬ್ಬರ ಬಳಿ ಉಳಿದಿರಬಹುದು. ಇಬ್ಬರೂ ಊರಲ್ಲಿಲ್ಲದೆ ಅಜ್ಜಿಯೋ ಸೋದರಮಾವನೋ ಮಗುವನ್ನು ಸಾಕುತ್ತಿರಬಹುದು. ಇಂತಹ ಮಗುವಿನ ಅರ್ಜಿ ಬಾಪೂಜಿ ಸೇವಾ ಕೇಂದ್ರದ ಮೇಜಿನ ಮೇಲೆ ಬಂದಾಗ ಎರಡನೆಯ ಸಾಲಿನಲ್ಲೇ ಕೈ ನಿಲ್ಲುತ್ತದೆ. ಕರೆತಂದವರು, "ಈಗ ನೋಡಿಕೊಳ್ಳುವವನು ನಾನೇ, ನನ್ನ ಹೆಸರನ್ನೇ ಬರೆಯಿರಿ" ಎನ್ನುತ್ತಾರೆ. ಆ ಮಾತಿನಲ್ಲಿ ಸುಳ್ಳಿಲ್ಲ, ದುರುದ್ದೇಶವೂ ಇಲ್ಲ. ಆದರೆ ಆ ಹೆಸರು ತಂದೆಯ ಅಂಕಣದಲ್ಲಿ ಕುಳಿತರೆ ಹತ್ತು ವರ್ಷಗಳ ಬಳಿಕ ಅದೇ ಮಗು ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತದೆ.

ಅರ್ಜಿ ತುಂಬುವಾಗ ಜನರು ಮೊದಲು ಸಲಹೆ ಕೇಳುವುದು ತಮ್ಮ ವಾರ್ಡಿನ ಸದಸ್ಯರನ್ನು. ಆದುದರಿಂದ ಈ ಅಂಕಣಗಳನ್ನು ಹೇಗೆ ತುಂಬಬೇಕು, ಎಲ್ಲಿ ತಪ್ಪಾಗುತ್ತದೆ, ತಪ್ಪಾಗಿದ್ದರೆ ಯಾವ ಕ್ರಮದಲ್ಲಿ ಸರಿಪಡಿಸಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

2. ಮೂಲ ತತ್ತ್ವ

ಅರ್ಜಿಯಲ್ಲಿರುವ "ತಂದೆಯ ಹೆಸರು", "ತಾಯಿಯ ಹೆಸರು" ಎಂಬ ಅಂಕಣಗಳು ಒಂದು ಪ್ರಶ್ನೆಯನ್ನು ಕೇಳುತ್ತವೆ: ಈ ಮಗು ಯಾರಿಗೆ ಜನಿಸಿತು, ಅಥವಾ ಕಾನೂನಿನ ಪ್ರಕಾರ ಯಾರು ದತ್ತು ಪಡೆದರು? "ಪಾಲಕರ ಹೆಸರು" ಎಂಬ ಅಂಕಣ ಬೇರೆಯೇ ಪ್ರಶ್ನೆಯನ್ನು ಕೇಳುತ್ತದೆ: ಈಗ ಈ ಮಗುವಿನ ಜವಾಬ್ದಾರಿ ಯಾರದು?

ಮೊದಲನೆಯ ಪ್ರಶ್ನೆಯ ಉತ್ತರ ಮರಣದಿಂದ ಬದಲಾಗುವುದಿಲ್ಲ, ವಿಚ್ಛೇದನದಿಂದಲೂ ಬದಲಾಗುವುದಿಲ್ಲ. ಎರಡನೆಯದರ ಉತ್ತರ ಮಗುವಿನ ಬಾಲ್ಯದಲ್ಲೇ ಎರಡು ಮೂರು ಬಾರಿ ಬದಲಾಗಬಹುದು. ಬದಲಾಗದ ಅಂಕಣದಲ್ಲಿ ಬದಲಾಗುವ ಉತ್ತರವನ್ನು ಬರೆದಾಗಲೇ ತೊಂದರೆ ಹುಟ್ಟುತ್ತದೆ.

ಗೊಂದಲಕ್ಕೆ ಭಾಷೆಯೂ ಒಂದು ಕಾರಣ. ನಮ್ಮ ಅರ್ಜಿ ನಮೂನೆಗಳಲ್ಲಿ "ಪೋಷಕರು" ಎಂಬ ಒಂದೇ ಪದವನ್ನು ಕೆಲವೆಡೆ ತಂದೆ ತಾಯಿಗೂ ಕೆಲವೆಡೆ ಸಾಕುವವರಿಗೂ ಬಳಸಲಾಗುತ್ತದೆ. ಕಾನೂನು ಮಾತ್ರ ಎರಡನ್ನೂ ಬೇರೆಯಾಗಿಯೇ ಇಟ್ಟಿದೆ. ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಅಧಿನಿಯಮ, 2009ರ 2ನೆಯ ಪ್ರಕರಣವು ತಂದೆ ತಾಯಿ ಎಂದರೆ ಹೆತ್ತವರು, ಮಲತಂದೆ ಮಲತಾಯಿ ಅಥವಾ ದತ್ತು ಪಡೆದವರು ಎಂದು ಹೇಳುತ್ತದೆ. ಪಾಲಕ ಎಂದರೆ ಮಗುವಿನ ಆರೈಕೆ ಮತ್ತು ಅಭಿರಕ್ಷೆಯನ್ನು ಹೊಂದಿರುವ ವ್ಯಕ್ತಿ ಎಂದೂ, ಸಹಜ ಪಾಲಕರು ಹಾಗೂ ನ್ಯಾಯಾಲಯ ನೇಮಿಸಿದ ಪಾಲಕರು ಅದರಲ್ಲಿ ಸೇರುತ್ತಾರೆಂದೂ ಅದೇ ಪ್ರಕರಣ ಹೇಳುತ್ತದೆ. ಮೊಮ್ಮಗಳನ್ನು ಸಾಕುತ್ತಿರುವ ಅಜ್ಜಿ ಈ ಅರ್ಥದಲ್ಲಿ ಪಾಲಕಿ. ಶಾಲೆಗೆ ಸೇರಿಸಲು ಆಕೆ ನ್ಯಾಯಾಲಯದ ಆದೇಶವನ್ನು ತರಬೇಕಾಗಿಲ್ಲ, ಯಾರದೋ ತಾಯಿಯೆಂದು ಬರೆಸಿಕೊಳ್ಳಬೇಕಾಗಿಯೂ ಇಲ್ಲ. ಮಗುವಿನ ವಯಸ್ಸಿನ ದಾಖಲೆ ಇಲ್ಲವೆಂಬ ಕಾರಣಕ್ಕೂ ಪ್ರವೇಶವನ್ನು ನಿರಾಕರಿಸುವಂತಿಲ್ಲ ಎಂದು ಅದೇ ಅಧಿನಿಯಮದ 14ನೆಯ ಪ್ರಕರಣ ಸ್ಪಷ್ಟಪಡಿಸಿದೆ.

3. ಒಂದು ಉದಾಹರಣೆ

ವಿಷಯವನ್ನು ತಿಳಿಯಲು ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳೋಣ. ಹೊನ್ನಾವರ ತಾಲೂಕಿನಲ್ಲಿ ಜನಿಸಿದ ಒಬ್ಬ ಬಾಲಕಿ. ಆಕೆಗೆ ಮೂರು ವರ್ಷವಾಗಿದ್ದಾಗ ತಂದೆ ಕಾಯಿಲೆಯಿಂದ ತೀರಿಕೊಂಡರು. ತಾಯಿ ದುಡಿಮೆಗಾಗಿ ಪರವೂರಿಗೆ ಹೋದರು. ಬಾಲಕಿ ಹೆಬಳೆಯಲ್ಲಿ ಸೋದರಮಾವನ ಮನೆಯಲ್ಲಿ ಬೆಳೆದಳು. ಒಂದನೆಯ ತರಗತಿಗೆ ಸೇರಿಸುವ ದಿನ ಮಾವನೇ ಶಾಲೆಗೆ ಹೋದರು. ಜನನ ಪ್ರಮಾಣಪತ್ರ ಕೈಯಲ್ಲಿರಲಿಲ್ಲ. ಪ್ರವೇಶ ದಾಖಲಾತಿ ಪುಸ್ತಕದಲ್ಲಿ ತಂದೆಯ ಹೆಸರಿನ ಎದುರು ಮಾವನ ಹೆಸರು ಬಂತು, ತಾಯಿಯ ಹೆಸರಿನ ಎದುರು ಅತ್ತೆಯ ಹೆಸರು ಬಂತು.

ಏಳೆಂಟು ವರ್ಷ ಏನೂ ಆಗಲಿಲ್ಲ. ಪುಸ್ತಕದ ಹೆಸರು ವಿದ್ಯಾರ್ಥಿ ಸಾಧನೆ ಟ್ರ್ಯಾಕಿಂಗ್ ವ್ಯವಸ್ಥೆಗೆ, ಅಂದರೆ ಎಸ್‌ಎಟಿಎಸ್‌ಗೆ ಸೇರಿತು. ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ನೋಂದಣಿ ವಿವರಗಳು ಸಿದ್ಧವಾಗುವುದು ಇಲ್ಲಿಂದಲೇ. ಅಂಕಪಟ್ಟಿಯಲ್ಲಿ ಮುದ್ರಣವಾಗುವ ತಂದೆ ತಾಯಿಯ ಹೆಸರುಗಳೂ ಇಲ್ಲಿಂದಲೇ ಬರುತ್ತವೆ. ಅಷ್ಟರಲ್ಲಿ ತಾಯಿ ಊರಿಗೆ ಮರಳಿ ಮಗಳ ಜಾತಿ ಪ್ರಮಾಣಪತ್ರಕ್ಕಾಗಿ ನಾಡಕಚೇರಿಗೆ ಅರ್ಜಿ ಹಾಕಿದರು. ಜನನ ಪ್ರಮಾಣಪತ್ರದಲ್ಲಿ ಒಬ್ಬ ತಂದೆ, ಶಾಲಾ ದಾಖಲೆಯಲ್ಲಿ ಇನ್ನೊಬ್ಬ ತಂದೆ. ಅರ್ಜಿ ಅಲ್ಲಿಗೇ ನಿಂತಿತು.

ಮುಂದೆ ಇನ್ನೂ ದೊಡ್ಡ ತೊಡಕು ಕಾದಿತ್ತು. ಬಾಲಕಿಯ ತಂದೆಯ ಹೆಸರಿನಲ್ಲಿ ಹೊನ್ನಾವರದಲ್ಲಿ ಸ್ವಲ್ಪ ಜಮೀನಿತ್ತು. ಪೌತಿ ಖಾತೆ ಮಾಡುವಾಗ ವಂಶವೃಕ್ಷ ಬೇಕು, ಕುಟುಂಬದ ಜೀವಂತ ಸದಸ್ಯರ ದೃಢೀಕರಣ ಬೇಕು. ಬಾಲಕಿಯ ಶಾಲಾ ದಾಖಲೆಯೇ ಆಕೆಯನ್ನು ಬೇರೊಬ್ಬರ ಮಗಳೆಂದು ಹೇಳುತ್ತಿದ್ದರೆ, ಆಕೆಯ ಪಾಲಿಗೆ ತಕರಾರು ತೆಗೆಯಲು ದಾಯಾದಿಗಳಿಗೆ ಅಷ್ಟೇ ಸಾಕು. ಮಾವ ಪ್ರೀತಿಯಿಂದ ಬರೆಸಿದ ಒಂದು ಹೆಸರು ಆಕೆಯ ಆಸ್ತಿಯ ಹಕ್ಕನ್ನೇ ಪ್ರಶ್ನೆಗೆ ಗುರಿಮಾಡಿತು.

ಮೊದಲ ದಿನವೇ ಹೇಗೆ ಬರೆಯಬೇಕಿತ್ತು? ತಂದೆಯ ಹೆಸರು: ತೀರಿಕೊಂಡ ತಂದೆಯ ಹೆಸರು, ಜನನ ಪ್ರಮಾಣಪತ್ರದಲ್ಲಿರುವಂತೆ. ತಾಯಿಯ ಹೆಸರು: ಹೆತ್ತ ತಾಯಿಯ ಹೆಸರು, ಅದೇ ಪ್ರಮಾಣಪತ್ರದಲ್ಲಿರುವಂತೆ. ಪಾಲಕರ ಹೆಸರು: ಸೋದರಮಾವನ ಹೆಸರು. ಸಂಬಂಧ: ಸೋದರಮಾವ. ವಿಳಾಸ ಮತ್ತು ದೂರವಾಣಿ: ಮಾವನದು. ಮಾವನಿಗೆ ಸಲ್ಲಬೇಕಾದ ಎಲ್ಲ ಪಾತ್ರವೂ ಇಲ್ಲಿ ಸಲ್ಲುತ್ತದೆ. ಶಾಲೆಯವರು ಕರೆಯುವುದು ಅವರನ್ನೇ, ಪ್ರಗತಿ ಪತ್ರಕ್ಕೆ ಸಹಿ ಹಾಕುವವರೂ ಅವರೇ.

ನಮೂನೆಯಲ್ಲಿ "ತಂದೆ/ಪಾಲಕರ ಹೆಸರು" ಎಂದು ಒಂದೇ ಗೆರೆ ಇದ್ದರೆ ಹೆಸರಿನ ಮುಂದೆ ಸಂಬಂಧವನ್ನು ತಪ್ಪದೆ ಬರೆಯಬೇಕು, ಅನ್ವಯಿಸದ ಪದವನ್ನು ಹೊಡೆದುಹಾಕಬೇಕು. ಗಣಕಯಂತ್ರದ ನಮೂನೆಯಲ್ಲಿ ಅದಕ್ಕೆ ಅವಕಾಶ ಇಲ್ಲದಿದ್ದರೆ ಜನನ ಪ್ರಮಾಣಪತ್ರದ ಹೆಸರನ್ನೇ ತುಂಬಿ, ಪಾಲಕರ ವಿವರವನ್ನು ಜೊತೆಯ ಮನವಿ ಪತ್ರದಲ್ಲಿ ತಿಳಿಸುವುದು ಸುರಕ್ಷಿತ.

4. ತಂದೆ ಅಥವಾ ತಾಯಿ ತೀರಿಕೊಂಡಿದ್ದರೆ

ಮೃತರ ಹೆಸರು ಅರ್ಜಿಯಿಂದ ಹೋಗುವುದಿಲ್ಲ. ಕೈಬರಹದ ಅರ್ಜಿಯಲ್ಲಿ ಹೆಸರಿನ ಹಿಂದೆ "ದಿವಂಗತ" ಅಥವಾ "ದಿ." ಎಂದು ಬರೆಯುವುದು ರೂಢಿ. ಗಣಕಯಂತ್ರದ ನಮೂನೆಯಲ್ಲಿ ಮಾತ್ರ ಹೆಸರಿನ ಜಾಗದಲ್ಲಿ "ದಿ." ಸೇರಿಸಬಾರದು. ಯಂತ್ರವು ಅದನ್ನು ಹೆಸರಿನ ಭಾಗವೆಂದೇ ಓದುತ್ತದೆ. ಒಂದು ದಾಖಲೆಯಲ್ಲಿ "ದಿ." ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಎರಡೂ ಬೇರೆ ಹೆಸರುಗಳೆಂದು ತೋರಿಸುತ್ತದೆ. ಮೃತರಾಗಿದ್ದಾರೆ ಎಂದು ಗುರುತಿಸುವ ಪ್ರತ್ಯೇಕ ಆಯ್ಕೆ ಇದ್ದರೆ ಅದನ್ನು ಬಳಸಬೇಕು, ಇಲ್ಲದಿದ್ದರೆ ಮರಣ ಪ್ರಮಾಣಪತ್ರವನ್ನು ಲಗತ್ತಿಸಬೇಕು.

ಮರಣವನ್ನು 21 ದಿನಗಳೊಳಗೆ ನೋಂದಾಯಿಸುವುದು ನಿಯಮ. ಒಂದು ವರ್ಷ ಕಳೆದರೆ ದಂಡಾಧಿಕಾರಿಗಳ ಆದೇಶ ಬೇಕಾಗುತ್ತದೆ. ಮನೆಯಲ್ಲಿ ಸಂಭವಿಸಿದ ಮರಣಗಳನ್ನು ನೋಂದಾಯಿಸದೆ ಬಿಡುವುದು ಇಂದಿಗೂ ಇದೆ. ಮಗುವಿನ ಅರ್ಜಿ ನಿಂತಾಗಲೇ ಅದು ಬೆಳಕಿಗೆ ಬರುತ್ತದೆ. ತಂದೆ ತೀರಿಕೊಂಡ ಮನೆಯಲ್ಲಿ ಮೊದಲ ತಿಂಗಳೊಳಗೆ ಈ ಒಂದು ಕೆಲಸವನ್ನು ಮಾಡಿಸಿದರೆ ಮುಂದಿನ ಅನೇಕ ತೊಡಕುಗಳು ತಾವಾಗಿಯೇ ತಪ್ಪುತ್ತವೆ.

ಕರಾವಳಿಯ ಪಂಚಾಯತಿಗಳಲ್ಲಿ ಇದಕ್ಕಿಂತ ಕಠಿಣವಾದ ಸ್ಥಿತಿಯೊಂದಿದೆ. ಮೀನುಗಾರಿಕೆಗೆ ಹೋದವರು ಮರಳಿ ಬರದಿದ್ದರೆ, ದೇಹವೂ ಸಿಗದಿದ್ದರೆ ಏನು ಬರೆಯಬೇಕು? 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ "ಸುವರ್ಣ ತ್ರಿಭುಜ" ದೋಣಿ ಎರಡು ದಿನಗಳ ಬಳಿಕ ಸಂಪರ್ಕ ಕಳೆದುಕೊಂಡಿತು. ಅದರಲ್ಲಿದ್ದ 7 ಮಂದಿ ಮೀನುಗಾರರಲ್ಲಿ 5 ಮಂದಿ ಉತ್ತರ ಕನ್ನಡದವರು. 2019ರ ಮೇ ತಿಂಗಳಲ್ಲಿ ನೌಕಾಪಡೆಯು ಮಹಾರಾಷ್ಟ್ರದ ಮಾಲ್ವಣ ಕರಾವಳಿಯಾಚೆ ಸಮುದ್ರದ ತಳದಲ್ಲಿ ದೋಣಿಯ ಅವಶೇಷವನ್ನು ಗುರುತಿಸಿತು.

ಇಂತಹ ಪ್ರಕರಣಗಳಲ್ಲಿ ಊರಿಗೆ ಊರೇ ಸಾವನ್ನು ನಂಬಿರಬಹುದು. ಆದರೂ ಮರಣ ನೋಂದಣಿಯಾಗುವವರೆಗೆ ದಾಖಲೆಯಲ್ಲಿ ಆ ವ್ಯಕ್ತಿ ಕಾಣೆಯಾದವರೇ. ಏಳು ವರ್ಷಗಳವರೆಗೆ ಸಹಜವಾಗಿ ಸುದ್ದಿ ತಿಳಿಯಬೇಕಾದವರಿಗೂ ಯಾವ ಸುದ್ದಿಯೂ ತಿಳಿಯದಿದ್ದರೆ, ಆ ವ್ಯಕ್ತಿ ಬದುಕಿದ್ದಾರೆಂದು ಹೇಳುವವರೇ ಅದನ್ನು ರುಜುವಾತುಪಡಿಸಬೇಕು. ಹಿಂದೆ ಭಾರತೀಯ ಸಾಕ್ಷ್ಯ ಅಧಿನಿಯಮದ 108ನೆಯ ಪ್ರಕರಣದಲ್ಲಿದ್ದ ಈ ನಿಯಮ 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 111ನೆಯ ಪ್ರಕರಣದಲ್ಲಿದೆ. ಇದರ ಆಧಾರದ ಮೇಲೆ ನ್ಯಾಯಾಲಯದ ಘೋಷಣೆ ಪಡೆದು ಮರಣವನ್ನು ನೋಂದಾಯಿಸಬಹುದು.

ಏಳು ವರ್ಷ ಮಗುವಿನ ಬಾಲ್ಯದಲ್ಲಿ ಸಣ್ಣ ಅವಧಿಯಲ್ಲ. 2019ರ ಜೂನ್‌ನಲ್ಲಿ ಒಂದನೆಯ ತರಗತಿಗೆ ಸೇರಿದ ಮಗು 2025ರ ಡಿಸೆಂಬರ್ ಹೊತ್ತಿಗೆ ಏಳನೆಯ ತರಗತಿಯಲ್ಲಿರುತ್ತದೆ. ಅಷ್ಟು ಕಾಲ ಅರ್ಜಿಗಳು ನಿಲ್ಲಬೇಕಾಗಿಲ್ಲ. ತಂದೆಯ ಅಂಕಣದಲ್ಲಿ ತಂದೆಯ ಹೆಸರು, "ದಿವಂಗತ" ಎಂಬ ಪದವಿಲ್ಲದೆ. ಪಾಲಕರ ಅಂಕಣದಲ್ಲಿ ತಾಯಿಯ ಹೆಸರು. ತಂದೆಯ ಸಹಿ ಕೇಳಿದ ಕಡೆ ಪೊಲೀಸ್ ಠಾಣೆಯ ಕಾಣೆಯಾದ ದೂರಿನ ಪ್ರತಿ ಮತ್ತು ತಾಯಿಯ ಸ್ವಯಂ ಘೋಷಣೆ. ನೋಂದಣಿಯಾಗದ ಮರಣವನ್ನು "ದಿವಂಗತ" ಎಂದು ಬರೆಸಿದರೆ ಮರಣ ಪ್ರಮಾಣಪತ್ರ ಕೇಳುತ್ತಾರೆ, ಅದನ್ನು ಕೊಡಲಾಗದೆ ಅರ್ಜಿ ತಿರಸ್ಕೃತವಾಗುತ್ತದೆ.

5. ತಂದೆ ತಾಯಿ ಬೇರೆಯಾಗಿದ್ದರೆ

ಇಲ್ಲಿ ಎರಡು ಬಗೆಯ ತಪ್ಪುಗಳು ಕಾಣುತ್ತವೆ. ಸಿಟ್ಟಿನಿಂದಲೋ ನೋವಿನಿಂದಲೋ ತಂದೆಯ ಹೆಸರನ್ನು ಬಿಟ್ಟುಬಿಡುವುದು ಒಂದು. ತಂದೆಯ ಸಹಿ ಇಲ್ಲದೆ ಅರ್ಜಿಯನ್ನೇ ತೆಗೆದುಕೊಳ್ಳುವುದಿಲ್ಲ ಎಂದು ತಾಯಿಯನ್ನು ಹಿಂದೆ ಕಳಿಸುವುದು ಇನ್ನೊಂದು.

ಮೊದಲನೆಯದಕ್ಕೆ ಉತ್ತರ ಸರಳ. ಜನನ ದಾಖಲೆಯಲ್ಲಿ ತಂದೆಯ ಹೆಸರಿದ್ದರೆ ತಂದೆಯ ಅಂಕಣದಲ್ಲಿ ಅದೇ ಇರಬೇಕು. ದಂಪತಿಗಳು ದೂರವಾದರೂ ಮಗುವಿನ ಜೀವನಾಂಶದ ಹಕ್ಕು ಮತ್ತು ಉತ್ತರಾಧಿಕಾರ ತಂದೆಯಿಂದ ದೂರವಾಗುವುದಿಲ್ಲ. ಹೆಸರನ್ನು ಬಿಟ್ಟರೆ ನಷ್ಟವಾಗುವುದು ಮಗುವಿಗೆ.

ಎರಡನೆಯ ತಪ್ಪಿಗೆ ಸರ್ವೋಚ್ಚ ನ್ಯಾಯಾಲಯವು 1999ರಲ್ಲಿಯೇ ಉತ್ತರ ಕೊಟ್ಟಿದೆ. ಲೇಖಕಿ ಗೀತಾ ಹರಿಹರನ್ ತಮ್ಮ ಅಪ್ರಾಪ್ತ ಮಗನ ಹೆಸರಿನಲ್ಲಿ ರಿಸರ್ವ್ ಬ್ಯಾಂಕಿನ ಬಾಂಡುಗಳಿಗೆ ಅರ್ಜಿ ಸಲ್ಲಿಸಿ, ಪಾಲಕಿಯಾಗಿ ತಾವೇ ಸಹಿ ಹಾಕಿದ್ದರು. ತಂದೆಯ ಸಹಿ ಬೇಕು, ಇಲ್ಲವೇ ಪಾಲಕತ್ವದ ಪ್ರಮಾಣಪತ್ರ ಬೇಕು ಎಂದು ಅರ್ಜಿ ಹಿಂದಿರುಗಿತು. ಹಿಂದೂ ಅಪ್ರಾಪ್ತ ವಯಸ್ಕತೆ ಮತ್ತು ಪಾಲಕತ್ವ ಅಧಿನಿಯಮ, 1956ರ 6ನೆಯ ಪ್ರಕರಣದಲ್ಲಿ ಸಹಜ ಪಾಲಕರು "ತಂದೆ, ಆತನ ನಂತರ ತಾಯಿ" ಎಂದಿತ್ತು. "ನಂತರ" ಎಂದರೆ ತಂದೆ ಸತ್ತ ಬಳಿಕ ಎಂದಷ್ಟೇ ಅರ್ಥವಲ್ಲ, ತಂದೆಯ ಅನುಪಸ್ಥಿತಿಯಲ್ಲಿ ಎಂದೂ ಅರ್ಥ ಎಂದು ನ್ಯಾಯಾಲಯ ತೀರ್ಪಿತ್ತಿತು. ತಂದೆ ಮಗುವಿನ ಹೊಣೆಯನ್ನು ಹೊರದೆ ದೂರ ಇದ್ದಾಗ ಅಥವಾ ತಂದೆ ತಾಯಿ ಒಪ್ಪಿಕೊಂಡಾಗ ತಾಯಿಯೇ ಸಹಜ ಪಾಲಕಿಯಾಗಬಲ್ಲರು. ಹಾಗಾಗಿ ಹಿಂದೂ ಕುಟುಂಬಗಳಲ್ಲಿ ಮಗು ತಾಯಿಯ ಬಳಿ ಇದ್ದರೆ ಪಾಲಕರ ಅಂಕಣದಲ್ಲಿ ತಾಯಿಯ ಹೆಸರನ್ನು ಬರೆಯಲು ತಂದೆಯ ಅನುಮತಿ ಪತ್ರವನ್ನು ಕೇಳುವುದು ಸರಿಯಲ್ಲ.

ಮುಸ್ಲಿಂ ಕುಟುಂಬಗಳಲ್ಲಿ ವೈಯಕ್ತಿಕ ಕಾನೂನಿನ ಪ್ರಕಾರ ಮಗುವಿನ ಆಸ್ತಿಯ ಪಾಲಕತ್ವ ತಂದೆಯದು, ಎಳೆಯ ಮಕ್ಕಳ ಅಭಿರಕ್ಷೆ ತಾಯಿಯದು. ಶಾಲಾ ಅರ್ಜಿಗೆ ಬೇಕಾದುದು ಅಭಿರಕ್ಷೆ. ಶಿಕ್ಷಣ ಹಕ್ಕು ಅಧಿನಿಯಮದ ಅರ್ಥದಲ್ಲಿ ತಾಯಿ ಸಹಿ ಹಾಕಲು ಯಾವ ಅಡ್ಡಿಯೂ ಇಲ್ಲ. ತಂದೆ ಕೊಲ್ಲಿ ದೇಶಗಳಲ್ಲಿ ದುಡಿಯುತ್ತಿರುವ ಮನೆಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಅಲ್ಲಿ ಬೇರ್ಪಡೆಯ ಪ್ರಶ್ನೆಯೇ ಇಲ್ಲ. ತಂದೆಯ ಹೆಸರು ತಂದೆಯ ಅಂಕಣದಲ್ಲಿ, ಮನೆಯಲ್ಲಿರುವ ತಾಯಿಯ ಹೆಸರು ಪಾಲಕರ ಅಂಕಣದಲ್ಲಿ.

ತಂದೆಯ ಹೆಸರು ದಾಖಲೆಯಲ್ಲೇ ಇಲ್ಲದ ಮಕ್ಕಳೂ ಇದ್ದಾರೆ. ಅವಿವಾಹಿತ ತಾಯಿಯು ಪ್ರಮಾಣಪತ್ರ ಸಲ್ಲಿಸಿದರೆ ತಂದೆಯ ಹೆಸರನ್ನು ಒತ್ತಾಯಿಸದೆ ಜನನ ಪ್ರಮಾಣಪತ್ರ ನೀಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2015ರ ಜುಲೈನಲ್ಲಿ ಆದೇಶಿಸಿತು. ಜನನ ಮರಣ ನೋಂದಣಿ ಅಧಿನಿಯಮಕ್ಕೆ 2023ರಲ್ಲಿ ಆದ ತಿದ್ದುಪಡಿಯು ಒಂಟಿ ಪೋಷಕರು ಅಥವಾ ಅವಿವಾಹಿತ ತಾಯಿ ತಾವೇ ಮಾಹಿತಿ ನೀಡಿ ಜನನ ನೋಂದಾಯಿಸಬಹುದೆಂದು ಹೇಳಿದೆ. ಪ್ಯಾನ್ ಅರ್ಜಿಯಲ್ಲಿ ತಾಯಿ ಒಬ್ಬರೇ ಪೋಷಕರಾಗಿದ್ದರೆ ತಂದೆಯ ಹೆಸರು 2018ರ ಡಿಸೆಂಬರ್ 5ರಿಂದ ಕಡ್ಡಾಯವಲ್ಲ. ಪಾಸ್‌ಪೋರ್ಟ್ ಅರ್ಜಿಯಲ್ಲಿ 2016ರ ಡಿಸೆಂಬರ್‌ನ ಬದಲಾವಣೆಯ ಬಳಿಕ ತಂದೆ, ತಾಯಿ ಅಥವಾ ಕಾನೂನುಬದ್ಧ ಪಾಲಕರಲ್ಲಿ ಒಬ್ಬರ ಹೆಸರು ಸಾಕು. ಇಂತಹ ಮಗುವಿನ ತಂದೆಯ ಅಂಕಣವನ್ನು ತುಂಬಲೆಂದು ಅಜ್ಜನ ಹೆಸರನ್ನೋ ಮಾವನ ಹೆಸರನ್ನೋ ಬರೆಸಬಾರದು. ಖಾಲಿ ಅಂಕಣಕ್ಕೆ ಕಾನೂನಿನ ರಕ್ಷಣೆಯಿದೆ, ತಪ್ಪು ಹೆಸರಿಗೆ ಇಲ್ಲ.

ತಾಯಿ ಮರುಮದುವೆಯಾದಾಗ ಮಲತಂದೆಯ ಹೆಸರು ತಂದೆಯ ಅಂಕಣಕ್ಕೆ ತಾನಾಗಿ ಬರುವುದಿಲ್ಲ. ಅವರು ಕಾನೂನಿನಂತೆ ದತ್ತು ಪಡೆದರೆ ಬರುತ್ತದೆ. ದತ್ತು ಆಗದಿದ್ದರೆ ಪಾಲಕರ ಅಂಕಣವೇ ಅವರ ಸ್ಥಾನ. ಆದರೆ ಮಗುವಿನ ಮನಸ್ಸಿಗೆ ನೋವಾಗುವಂತೆ "ಮಲತಂದೆ" ಎಂಬ ಪದವನ್ನು ಎಲ್ಲೆಡೆ ಬರೆಸಬೇಕೆಂದು ಒತ್ತಾಯಿಸುವುದೂ ಸಲ್ಲದು. ಅಕೆಲ್ಲ ಲಲಿತಾ ಪ್ರಕರಣದಲ್ಲಿ 2022ರ ಜುಲೈ 28ರಂದು ಸರ್ವೋಚ್ಚ ನ್ಯಾಯಾಲಯವು ಅಂತಹ ನಿರ್ದೇಶನವನ್ನು ಕ್ರೂರವೆಂದು ಕರೆದು ತೆಗೆದುಹಾಕಿತು. ತಂದೆಯನ್ನು ಕಳೆದುಕೊಂಡ ಮಗುವಿನ ಉಪನಾಮವನ್ನು ನಿರ್ಧರಿಸುವ ಹಕ್ಕು ಸಹಜ ಪಾಲಕಿಯಾದ ತಾಯಿಯದು ಎಂದೂ ಅಲ್ಲಿ ಹೇಳಲಾಗಿದೆ.

6. ಬಂಧುಗಳು ಸಾಕುತ್ತಿದ್ದರೆ: ಪಾಲಕತ್ವದ ಮಿತಿ

ಅಜ್ಜಿ, ಮಾವ, ಚಿಕ್ಕಮ್ಮ ಇವರು ವಾಸ್ತವ ಪಾಲಕರು. ಶಾಲೆ, ಆಸ್ಪತ್ರೆ, ಅಂಗನವಾಡಿಯ ದಿನನಿತ್ಯದ ವ್ಯವಹಾರಕ್ಕೆ ಇಷ್ಟು ಸಾಕು. ಮಗುವಿನ ಆಸ್ತಿಯ ವಿಷಯ ಬಂದಾಗ ಸಾಲದು. 1956ರ ಅದೇ ಅಧಿನಿಯಮದ 11ನೆಯ ಪ್ರಕರಣದಂತೆ ವಾಸ್ತವ ಪಾಲಕರು ಅಪ್ರಾಪ್ತರ ಆಸ್ತಿಯನ್ನು ಮಾರುವಂತಿಲ್ಲ. ಸಹಜ ಪಾಲಕರು ಕೂಡ ಸ್ಥಿರಾಸ್ತಿಯನ್ನು ಮಾರಲು ನ್ಯಾಯಾಲಯದ ಅನುಮತಿ ಪಡೆಯಬೇಕು. ಇಂತಹ ಸಂದರ್ಭಗಳಲ್ಲಿ ಪಾಲಕರು ಮತ್ತು ಪಾಲ್ಯರ ಅಧಿನಿಯಮ, 1890ರ ಅಡಿಯಲ್ಲಿ ಪಾಲಕತ್ವದ ಆದೇಶ ಪಡೆಯಬೇಕಾಗುತ್ತದೆ. ಈ ಅಧಿನಿಯಮ ಎಲ್ಲ ಧರ್ಮದವರಿಗೂ ಅನ್ವಯಿಸುತ್ತದೆ.

ಬಂಧುಗಳು ನಿಜವಾಗಿ ತಂದೆ ತಾಯಿಯ ಸ್ಥಾನವನ್ನು ಬಯಸಿದರೆ ಅದಕ್ಕಿರುವ ದಾರಿ ದತ್ತು. ಹಿಂದೂಗಳಿಗೆ 1956ರ ದತ್ತಕ ಮತ್ತು ಜೀವನಾಂಶ ಅಧಿನಿಯಮವಿದೆ. ಬಾಲನ್ಯಾಯ ಅಧಿನಿಯಮದ ಅಡಿಯಲ್ಲಿ ಯಾವ ಧರ್ಮದವರೂ ದತ್ತು ಪಡೆಯಬಹುದು ಎಂಬುದನ್ನು 2014ರ ಶಬನಮ್ ಹಾಶ್ಮಿ ತೀರ್ಪು ಸ್ಪಷ್ಟಪಡಿಸಿದೆ. ದತ್ತು ಆಗದೆ ತಂದೆಯ ಅಂಕಣದಲ್ಲಿ ಬಂಧುವಿನ ಹೆಸರನ್ನು ಬರೆಸುವುದು ದತ್ತುವೂ ಅಲ್ಲ, ಪಾಲಕತ್ವವೂ ಅಲ್ಲ.

ಜಾತಿ ಪ್ರಮಾಣಪತ್ರದ ವಿಷಯದಲ್ಲಿ ವಿಶೇಷ ಎಚ್ಚರಿಕೆ ಬೇಕು. ಜಾತಿಯನ್ನು ಪರಿಶೀಲಿಸುವುದು ಮಗುವಿನ ಜನ್ಮದ ಆಧಾರದಿಂದ, ಪಾಲಕರ ಆಧಾರದಿಂದಲ್ಲ. ಮಾವನ ಹೆಸರಿನಿಂದ ಪಡೆದ ಪ್ರಮಾಣಪತ್ರವು ಉದ್ಯೋಗದ ಸಮಯದಲ್ಲಿ ಜಾತಿ ಪರಿಶೀಲನಾ ಸಮಿತಿಯ ಮುಂದೆ ನಿಲ್ಲಲಾರದು. ತಂದೆ ತಾಯಿಯ ಜಾತಿ ಬೇರೆಯಾಗಿದ್ದು ಮಗು ತಾಯಿಯ ಸಮುದಾಯದಲ್ಲೇ ಬೆಳೆದಿದ್ದರೆ ಆ ಸಂಗತಿಯನ್ನು ಸಾಕ್ಷ್ಯದಿಂದ ತೋರಿಸಲು ಅವಕಾಶವಿದೆ. 2012ರ ರಮೇಶ್‌ಭಾಯಿ ನಾಯ್ಕ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಹೀಗೆ ಹೇಳಿದೆ. ಆದರೆ ಅದಕ್ಕೂ ನಿಜವಾದ ತಂದೆ ತಾಯಿಯ ಹೆಸರುಗಳೇ ಅಡಿಪಾಯ.

ಪಾಲಕರ ಹೆಸರನ್ನು ಸರಿಯಾಗಿ ಬರೆಸುವುದರಿಂದ ಮಗುವಿಗೆ ನೇರ ಲಾಭವೂ ಇದೆ. ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯ ಪ್ರಾಯೋಜಕತ್ವದಲ್ಲಿ ವಿಸ್ತೃತ ಕುಟುಂಬದಲ್ಲಿ ಬೆಳೆಯುತ್ತಿರುವ ಅನಾಥ ಮಕ್ಕಳು, ವಿಧವೆಯರ ಹಾಗೂ ವಿಚ್ಛೇದಿತರ ಮಕ್ಕಳು ತಿಂಗಳಿಗೆ 4,000 ರೂಪಾಯಿ ನೆರವು ಪಡೆಯಲು ಅರ್ಹರಾಗಬಹುದು. 2022ರ ಮಾರ್ಗಸೂಚಿಯಲ್ಲಿ ಗ್ರಾಮೀಣ ಕುಟುಂಬದ ವಾರ್ಷಿಕ ಆದಾಯದ ಮಿತಿ 72,000 ರೂಪಾಯಿ. ಶಾಲಾ ದಾಖಲೆಯಲ್ಲಿ ಮಾವ ಅತ್ತೆಯರೇ ತಂದೆ ತಾಯಿ ಎಂದಿದ್ದರೆ ಆ ಮಗು ತಂದೆಯಿಲ್ಲದ ಮಗುವೆಂದು ಯಾವ ಪಟ್ಟಿಯಲ್ಲೂ ಕಾಣುವುದಿಲ್ಲ. ಅರ್ಹತೆಯಿದ್ದರೂ ನೆರವು ತಪ್ಪಿಹೋಗುತ್ತದೆ.

7. ತಪ್ಪಾಗಿದ್ದರೆ ಸರಿಪಡಿಸುವ ಕ್ರಮ

ಮೂರನೆಯ ಭಾಗದ ಬಾಲಕಿಯ ಪ್ರಕರಣಕ್ಕೆ ಮರಳೋಣ. ಇಲ್ಲಿ ಕೆಲಸದ ಕ್ರಮವೇ ಮುಖ್ಯ. ಎಲ್ಲ ಕಚೇರಿಗಳಿಗೂ ಒಟ್ಟಿಗೆ ಅರ್ಜಿ ಹಾಕಿದರೆ ಒಂದು ಕಚೇರಿ ಇನ್ನೊಂದರ ಹಳೆಯ ದಾಖಲೆಯನ್ನು ತೋರಿಸಿ ಹಿಂದಕ್ಕೆ ಕಳಿಸುತ್ತದೆ.

ಮೊದಲು ಜನನ ಪ್ರಮಾಣಪತ್ರ. ಉಳಿದೆಲ್ಲ ದಾಖಲೆಗಳಿಗೆ ಬೇರು ಅದೇ. 2023ರ ಅಕ್ಟೋಬರ್ 1ರಂದು ಅಥವಾ ಆ ಬಳಿಕ ಹುಟ್ಟಿದ ಮಕ್ಕಳಿಗಂತೂ ಶಾಲಾ ಪ್ರವೇಶದಿಂದ ಪಾಸ್‌ಪೋರ್ಟ್‌ವರೆಗೆ ಜನ್ಮದ ದಿನಾಂಕ ಮತ್ತು ಸ್ಥಳಕ್ಕೆ ಇದೇ ಆಧಾರ. ಮಗು ಹುಟ್ಟಿದ ಊರಿನ ನೋಂದಣಾಧಿಕಾರಿಯಿಂದ ಪ್ರತಿ ಪಡೆದು ತಂದೆ ತಾಯಿಯ ಹೆಸರುಗಳು ಸರಿಯಿವೆಯೇ ಎಂದು ನೋಡಬೇಕು. ಅದರಲ್ಲೇ ತಪ್ಪಿದ್ದರೆ ಅಧಿನಿಯಮದ 15ನೆಯ ಪ್ರಕರಣದಂತೆ ನೋಂದಣಾಧಿಕಾರಿಯು ಮೂಲ ನಮೂದನ್ನು ಅಳಿಸದೆ ಅಂಚಿನಲ್ಲಿ ತಿದ್ದುಪಡಿ ಬರೆಯುತ್ತಾರೆ. ಉದಾಹರಣೆಯ ಬಾಲಕಿಯ ಜನನ ದಾಖಲೆ ಸರಿಯಿತ್ತು.

ಎರಡನೆಯದು ತಂದೆಯ ಮರಣ ಪ್ರಮಾಣಪತ್ರ. ಅದರಲ್ಲಿರುವ ಹೆಸರು ಜನನ ಪ್ರಮಾಣಪತ್ರದಲ್ಲಿರುವ ತಂದೆಯ ಹೆಸರಿಗೆ ಅಕ್ಷರಶಃ ಹೊಂದಬೇಕು. ಒಂದರಲ್ಲಿ ಅಡ್ಡಹೆಸರು ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಅದನ್ನು ಈಗಲೇ ಗುರುತಿಸಿಕೊಳ್ಳಬೇಕು.

ಮೂರನೆಯದು ಶಾಲಾ ದಾಖಲೆ. ತಾಯಿಯ ಅರ್ಜಿ, ಎರಡೂ ಪ್ರಮಾಣಪತ್ರಗಳು, "ದಾಖಲಾತಿಯ ದಿನ ಪಾಲಕನಾದ ನನ್ನ ಹೆಸರು ತಂದೆಯ ಅಂಕಣದಲ್ಲಿ ಬಂದಿದೆ, ನಾನು ಸೋದರಮಾವ" ಎಂಬ ಮಾವನ ಪ್ರಮಾಣಪತ್ರ ಇವುಗಳನ್ನು ಮುಖ್ಯಶಿಕ್ಷಕರಿಗೆ ಕೊಡಬೇಕು. ಮುಖ್ಯಶಿಕ್ಷಕರು ತಾವೇ ಹೆಸರನ್ನು ಹೊಡೆದು ಬರೆಯುವಂತಿಲ್ಲ. ಪ್ರಸ್ತಾವವನ್ನು ಶಿಕ್ಷಣ ಇಲಾಖೆಯ ಮೇಲಧಿಕಾರಿಗಳಿಗೆ ಕಳಿಸಿ, ಆದೇಶದಂತೆ ಪುಸ್ತಕದಲ್ಲೂ ಎಸ್‌ಎಟಿಎಸ್‌ನಲ್ಲೂ ತಿದ್ದುತ್ತಾರೆ. ಎಸ್‌ಎಸ್‌ಎಲ್‌ಸಿ ನೋಂದಣಿಗೆ ಮೊದಲೇ ಇದು ಮುಗಿಯಬೇಕು. ಅಂಕಪಟ್ಟಿ ಮುದ್ರಣವಾದ ಬಳಿಕ ತಿದ್ದುಪಡಿಗಾಗಿ ಬೆಂಗಳೂರಿನ ಪರೀಕ್ಷಾ ಮಂಡಳಿಯವರೆಗೆ ಹೋಗಬೇಕಾಗುತ್ತದೆ.

ಕೊನೆಗೆ ಆಧಾರ್, ಜಾತಿ ಮತ್ತು ಆದಾಯ ಪ್ರಮಾಣಪತ್ರ, ವಿದ್ಯಾರ್ಥಿವೇತನ. ಆಧಾರ್ ಕಾರ್ಡಿನ ವಿಳಾಸದಲ್ಲಿ C/o ಎಂದು ಮಾವನ ಹೆಸರು ಇದ್ದರೆ ಗಾಬರಿಪಡಬೇಕಾಗಿಲ್ಲ. ಅದು ವಿಳಾಸದ ಭಾಗ ಮಾತ್ರ, ಅದರಿಂದ ಸಂಬಂಧ ಸಾಬೀತಾಗುವುದಿಲ್ಲ. ಇದೇ ಕಾರಣಕ್ಕೆ ಆ ಹೆಸರನ್ನು ನೋಡಿ ತಂದೆಯ ಅಂಕಣವನ್ನು ತುಂಬಲೂಬಾರದು. ಅರ್ಜಿ ತುಂಬುವ ಕೇಂದ್ರಗಳಲ್ಲಿ ತಪ್ಪು ನುಸುಳುವ ಸಾಮಾನ್ಯ ದಾರಿಗಳಲ್ಲಿ ಇದೂ ಒಂದು.

8. ಸದಸ್ಯರ ಪತ್ರದಲ್ಲಿ ಏನಿರಬೇಕು

ಸದಸ್ಯರ ಬಳಿ ಜನರು ಪತ್ರ ಕೇಳುತ್ತಾರೆ. ಪಾಲಕರನ್ನು ನೇಮಿಸುವ, ವಿಚ್ಛೇದನವನ್ನು ಘೋಷಿಸುವ, ಮರಣವನ್ನು ದೃಢಪಡಿಸುವ ಅಧಿಕಾರ ಸದಸ್ಯರಿಗೂ ಇಲ್ಲ, ಪಂಚಾಯತಿಗೂ ಇಲ್ಲ. "ಇವರೇ ಮಗುವಿನ ಕಾನೂನುಬದ್ಧ ಪಾಲಕರು" ಎಂದಾಗಲಿ "ಗಂಡ ಬಿಟ್ಟವರು" ಎಂದಾಗಲಿ ಬರೆದ ಪತ್ರಕ್ಕೆ ಬೆಲೆಯಿಲ್ಲ. ಮುಂದೆ ಅಭಿರಕ್ಷೆಯ ವ್ಯಾಜ್ಯವೆದ್ದರೆ ಅಂತಹ ಪತ್ರ ಬರೆದವರನ್ನು ಸಾಕ್ಷಿಕಟ್ಟೆಗೆ ಕರೆಯಲೂಬಹುದು. ಸದಸ್ಯರು ಕಣ್ಣಾರೆ ಕಂಡದ್ದನ್ನು ಮಾತ್ರ ಬರೆಯಬೇಕು. ಈ ಕೆಳಗಿನ ಮಾದರಿ ಸಾಕಾಗುತ್ತದೆ:

"ಈ ಮಗು ಇಂಥ ದಿನಾಂಕದಿಂದ ನಮ್ಮ ವಾರ್ಡಿನ ಇಂಥ ವಿಳಾಸದಲ್ಲಿ ತನ್ನ ಸೋದರಮಾವನ ಮನೆಯಲ್ಲಿ ವಾಸವಾಗಿದ್ದು, ಅವರ ಆರೈಕೆಯಲ್ಲಿದೆ ಎಂಬುದು ನನಗೆ ತಿಳಿದಿದೆ. ತಂದೆ ತಾಯಿಯ ಹೆಸರುಗಳನ್ನು ಜನನ ಪ್ರಮಾಣಪತ್ರದಂತೆ ಪರಿಗಣಿಸುವುದು."

ಸಾಕುವವರು ಯಾರೆಂಬುದರಲ್ಲೇ ತಕರಾರು ಇದ್ದರೆ, ಅಥವಾ ಮಗುವಿಗೆ ನೋಡಿಕೊಳ್ಳುವವರೇ ಇಲ್ಲದಿದ್ದರೆ ಪತ್ರ ಬರೆಯದೆ ಜಿಲ್ಲಾ ಮಕ್ಕಳ ಕಲ್ಯಾಣ ಸಮಿತಿಯ ಗಮನಕ್ಕೆ ತರಬೇಕು. ಮಕ್ಕಳ ಸಹಾಯವಾಣಿ 1098 ಆ ದಾರಿಯ ಮೊದಲ ಮೆಟ್ಟಿಲು.

ಇನ್ನೊಂದು ಮಾತು. "ನಿನ್ನ ಅಪ್ಪ ಎಲ್ಲಿ?" ಎಂದು ಮಗುವನ್ನೇ ಹತ್ತು ಜನರ ನಡುವೆ ಕೇಳಿ ಅರ್ಜಿ ತುಂಬಬಾರದು. ಉತ್ತರ ಜನನ ಪ್ರಮಾಣಪತ್ರದಲ್ಲಿದೆ. ಅದಕ್ಕಿಂತ ಹೆಚ್ಚಿನದು ಬೇಕಿದ್ದರೆ ಕರೆತಂದ ಹಿರಿಯರನ್ನು ಪಕ್ಕಕ್ಕೆ ಕರೆದು ಕೇಳಬಹುದು.

9. ಚರ್ಚೆಗಾಗಿ ಪ್ರಶ್ನೆಗಳು

ಸಾಮಾನ್ಯ ಸಭೆಯಲ್ಲಿ ಅಥವಾ ಮಕ್ಕಳ ಗ್ರಾಮಸಭೆಯ ಪೂರ್ವಸಿದ್ಧತೆಯಲ್ಲಿ ಸದಸ್ಯರು ಇವನ್ನು ಚರ್ಚಿಸಬಹುದು.

1. ತಂದೆ ಎರಡು ವರ್ಷಗಳ ಹಿಂದೆ ದೋಣಿಯೊಂದಿಗೆ ಕಾಣೆಯಾಗಿದ್ದಾರೆ. ಮಗುವಿನ ಅರ್ಜಿಯಲ್ಲಿ "ದಿವಂಗತ" ಎಂದು ಬರೆಯಬಹುದೇ? ಬರೆಯಬಾರದಿದ್ದರೆ ಯಾವ ದಾಖಲೆಗಳನ್ನು ಜೊತೆಗಿಡಬೇಕು?

2. ತಾಯಿ ಮರುಮದುವೆಯಾಗಿದ್ದಾರೆ, ದತ್ತು ಆಗಿಲ್ಲ. ಮಗುವನ್ನು ಶಾಲೆಗೆ ಕರೆತಂದವರು ಮಲತಂದೆ. ತಂದೆಯ ಅಂಕಣದಲ್ಲಿ ಮತ್ತು ಪಾಲಕರ ಅಂಕಣದಲ್ಲಿ ಯಾರ ಯಾರ ಹೆಸರು ಬರಬೇಕು?

3. ನಿಮ್ಮ ವಾರ್ಡಿನ ಶಾಲೆಯ 8 ಮತ್ತು 9ನೆಯ ತರಗತಿಗಳಲ್ಲಿ ಬಂಧುಗಳ ಮನೆಯಲ್ಲಿ ಬೆಳೆಯುತ್ತಿರುವ ಮಕ್ಕಳೆಷ್ಟು? ಅವರ ಜನನ ಪ್ರಮಾಣಪತ್ರವನ್ನೂ ಪ್ರವೇಶ ದಾಖಲಾತಿ ಪುಸ್ತಕವನ್ನೂ ಮುಖ್ಯಶಿಕ್ಷಕರು ಪಕ್ಕಪಕ್ಕದಲ್ಲಿಟ್ಟು ನೋಡಿದ್ದಾರೆಯೇ?

ಮೂರನೆಯ ಪ್ರಶ್ನೆಗೆ ಉತ್ತರವನ್ನು ಎಸ್‌ಎಸ್‌ಎಲ್‌ಸಿ ನೋಂದಣಿ ಆರಂಭವಾಗುವ ಮೊದಲೇ ಪಡೆದುಕೊಳ್ಳುವುದು ಸೂಕ್ತ.